ಒಂದು ಮಟ್ಟು, ಹನ್ನೆರಡು ವೇಷ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಒಪ್ಪಿಸಿದಾಗ ಸಮಿತಿಯವರು ಹೇಳಿದ್ದು ಒಂದೇ ಮಾತು: "ಸಾಫ್ಟ್‌ವೇರ್ ಬಗ್ಗೆ ಬೇಡಪ್ಪಾ, ಅದನ್ನ ಎಲ್ಲರೂ ಹೇಳ್ತಾರೆ." ನನಗೂ ಅದೇ ಬೇಕಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಂಜೆ ಹೊತ್ತು ಕೀಬೋರ್ಡ್ ಕಲಿತವನು ನಾನು. ಅದರ ಬಗ್ಗೆ ಮಾತಾಡಲು ಒಂದು ಕಾರಣವೂ ಸಿಕ್ಕಿತು. ನಾಳೆಯ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ನಮ್ಮ ಶಾಲೆಯ ಪ್ರಾರ್ಥನೆಯ ಮಟ್ಟನ್ನು ಒಂಬತ್ತನೇ ತರಗತಿಯ ಮಕ್ಕಳು ಹೊಸ ರೀತಿಯಲ್ಲಿ ನುಡಿಸಬೇಕು ಎಂದಿದ್ದಾರೆ. ತಾಲೀಮು ಕೇಳಿದ ಹಿರಿಯರೊಬ್ಬರು, "ಐವತ್ತು ವರ್ಷ ಹಾಡಿದ ಮಟ್ಟು, ಅದನ್ನ ಕೆಡಿಸಬೇಡ್ರಪ್ಪಾ" ಎಂದರಂತೆ. ಮಕ್ಕಳು ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದರು. ಹಿರಿಯರ ಆತಂಕ ಸುಳ್ಳಲ್ಲ, ಮಕ್ಕಳ ಆಸೆಯೂ ತಪ್ಪಲ್ಲ. ಮಟ್ಟನ್ನು ಎಷ್ಟರ ಮಟ್ಟಿಗೆ ಬದಲಾಯಿಸಿದರೂ ಅದು ಅದೇ ಮಟ್ಟಾಗಿ ಉಳಿಯುತ್ತದೆ, ಎಲ್ಲಿ ದಾಟಿದರೆ ಕೆಡುತ್ತದೆ, ಇದನ್ನು ಅಳೆಯಲು ಸಂಗೀತಗಾರರ ಹತ್ತಿರ ಒಂದು ಹಳೆಯ ರೂಪವೇ ಇದೆ. ಪಶ್ಚಿಮದವರು ಅದನ್ನು ಥೀಮ್ ಅಂಡ್ ವೇರಿಯೇಷನ್ಸ್ ಎನ್ನುತ್ತಾರೆ. ಮೊದಲು ಒಂದು ಸರಳ ಮಟ್ಟನ್ನು ಹಾಗೇ ನುಡಿಸುವುದು, ಆಮೇಲೆ ಅದನ್ನೇ ಒಂದಾದ ಮೇಲೊಂದು ವೇಷ ಹಾಕಿಸಿ ಕರೆತರುವುದು. ಬಯಲಾಟದಲ್ಲಿ ಒಬ್ಬನೇ ಎರಡು ವೇಷ ಕಟ್ಟಿದರೂ ಊರಿನವರು ನಡಿಗೆ ನೋಡಿ "ಇವನು ಅವನೇ" ಎನ್ನುವುದಿಲ್ಲವೇ? ಮಟ್ಟಿಗೂ ಅಂಥ ನಡಿಗೆ ಒಂದಿದೆ. ಅದು ಯಾವುದು ಎಂಬುದೇ ನನ್ನ ಇವತ್ತಿನ ವಿಷಯ.

ಉದಾಹರಣೆಗೆ ನಾನು ಆರಿಸಿಕೊಂಡಿರುವ ಮಟ್ಟು ಜಮಖಾನದ ಮೇಲೆ ಕೂತಿರುವ ಎಲ್ಲರಿಗೂ ಗೊತ್ತು. ನಲಿ-ಕಲಿಯಲ್ಲಿ ಕುಣಿದುಕೊಂಡು ಹಾಡಿದ ಟ್ವಿಂಕಲ್ ಟ್ವಿಂಕಲ್. ನಗಬೇಡಿ. ಇದರ ಮಟ್ಟು ಇಂಗ್ಲಿಷರದ್ದಲ್ಲ, ಫ್ರೆಂಚರದ್ದು, ಕಟ್ಟಿದವರು ಯಾರೆಂದು ಗೊತ್ತಿಲ್ಲ. ಅದು 1761ರಲ್ಲೇ ಅಚ್ಚಾಗಿತ್ತು. ನಾವು ಹಾಡುವ ಇಂಗ್ಲಿಷ್ ಪದ್ಯವನ್ನು ಜೇನ್ ಟೇಲರ್ ಎಂಬಾಕೆ ಬರೆದು ಪ್ರಕಟಿಸಿದ್ದು 1806ರಲ್ಲಿ. ಈ ಎರಡರ ನಡುವೆ ಮೋಟ್ಸಾರ್ಟ್ ಬರುತ್ತಾನೆ. ಇದರ ಮಟ್ಟು ಮೋಟ್ಸಾರ್ಟನದ್ದೇ ಎಂದು ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ, ಅದು ಸರಿಯಲ್ಲ. ಅವನು ಮಾಡಿದ್ದು ಬೇರೆ ಕೆಲಸ. ಪಿಯಾನೋ ಪಾಠ ಹೇಳಿಕೊಂಡು ವಿಯೆನ್ನಾದಲ್ಲಿ ಜೀವನ ನಡೆಸುತ್ತಿದ್ದ ಆತ 1780ರ ದಶಕದ ಮೊದಲ ವರ್ಷಗಳಲ್ಲಿ ಊರಿಗೆಲ್ಲ ಗೊತ್ತಿದ್ದ ಈ ಮಟ್ಟನ್ನು ತೆಗೆದುಕೊಂಡು ಅದಕ್ಕೆ ಹನ್ನೆರಡು ವೇಷ ಕಟ್ಟಿದ. 1785ರಲ್ಲಿ ಅದು ಅಚ್ಚಾಯಿತು. ಅವನ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 265. ಯೂಟ್ಯೂಬಿನಲ್ಲಿ ಮೋಟ್ಸಾರ್ಟ್ ಹೆಸರಿನ ಜೊತೆ K. 265 ಎಂದು ಹುಡುಕಿದರೆ ಸಿಗುತ್ತದೆ.

ಮಟ್ಟನ್ನು ನಮ್ಮ ಸ್ವರದಲ್ಲಿ ಹೇಳುತ್ತೇನೆ. ಹಾರ್ಮೋನಿಯಂ ಮುಟ್ಟಿದವರು ಬೆರಳಾಡಿಸಿ ನೋಡಬಹುದು.

ಸ ಸ ಪ ಪ ದ ದ ಪಾ
ಮ ಮ ಗ ಗ ರಿ ರಿ ಸಾ

ಇದು ಮೊದಲ ಭಾಗ. ಆಮೇಲೆ "ಪ ಪ ಮ ಮ ಗ ಗ ರೀ" ಎಂಬುದು ಎರಡು ಸಲ, ಮತ್ತೆ ಮೊದಲ ಭಾಗ. ಅಷ್ಟೇ. ಸಂಗೀತ ಕಲಿತವರು ಇದು ಶಂಕರಾಭರಣದ ಸ್ವರ ಎನ್ನುತ್ತಾರೆ. ಜಂಟಿ ವರಸೆಯ ಹಾಗೆ ಜೋಡಿ ಜೋಡಿ ಸ್ವರ ಇಟ್ಟಿದ್ದಾರಲ್ಲಾ ಎಂದೂ ಅನ್ನಬಹುದು. ಈ ಜೋಡಿಯೇ ಮುಂದೆ ಉಪಯೋಗಕ್ಕೆ ಬರುತ್ತದೆ. ಒಂದೇ ಸ್ವರ ಎರಡು ಎಣಿಕೆ ನಿಂತಿದೆ ಎಂದರೆ ಅಷ್ಟು ಜಾಗ ಖಾಲಿ ಇದೆ ಎಂದರ್ಥ. ಖಾಲಿ ಇದ್ದರೆ ತಾನೇ ಏನಾದರೂ ತುಂಬಬಹುದು? ಬದಲಾವಣೆಗೆ ಆರಿಸುವ ಮಟ್ಟು ಸಾಮಾನ್ಯವಾಗಿ ಬಡವಾಗಿರುವುದು ಈ ಕಾರಣಕ್ಕೆ. ಮೊದಲೇ ಗಮಕ, ಕುಸುರಿ ತುಂಬಿರುವ ಮಟ್ಟಿಗೆ ಇನ್ನೇನು ತುಂಬುತ್ತೀರಿ?

ಮೈಯಲ್ಲಿ ಕಾಣುವ ಸ್ವರ ಇದಾದರೆ ಮೂಳೆ ಎರಡಿವೆ. ಮೊದಲನೆಯದು ಉದ್ದ. ಎರಡೆರಡು ಎಣಿಕೆಯ ಇಪ್ಪತ್ನಾಲ್ಕು ಮನೆ, ಎಂಟು ಮನೆಯ ಮೂರು ಸಾಲು. ಎರಡನೆಯದು ಎಡಗೈ. ನಮ್ಮಲ್ಲಿ ತಂಬೂರಿ ಸ-ಪ-ಸ ಎಂದು ಒಂದೇ ಕಡೆ ನಿಂತಿರುತ್ತದೆ. ಅವರಲ್ಲಿ ಶ್ರುತಿಯೇ ಎದ್ದು ನಡೆಯುತ್ತದೆ ಎಂದುಕೊಳ್ಳಿ. ಸರಳವಾಗಿ ಹೇಳುವುದಾದರೆ ಮೇಲೆ ಸ ಸ ಪ ಪ ನಡೆಯುವಾಗ ಕೆಳಗೆ ಸ ಆಧಾರ. ಮೇಲೆ ದ ಬಂದಾಗ ಕೆಳಗಿನ ಆಧಾರ ಮ ಕಡೆಗೆ ಹೋಗಿ ಮತ್ತೆ ಸಗೆ ಬರುತ್ತದೆ. ಸಾಲಿನ ಕೊನೆಯ ರಿ ರಿ ಹೊತ್ತಿಗೆ ಆಧಾರ ಪ ಮೇಲೆ ನಿಂತು, ಅಲ್ಲಿಂದ ಸ ಮೇಲೆ ಕೂರುತ್ತದೆ. ಪ ಮೇಲೆ ನಿಂತಾಗ ಕಿವಿಗೆ ಒಂದು ತವಕ, ಸ ಮೇಲೆ ಕೂತಾಗ ಒಂದು ಸಮಾಧಾನ. ಈ ತವಕ ಮತ್ತು ಸಮಾಧಾನ ಯಾವ ಮನೆಯಲ್ಲಿ ಬರುತ್ತವೆ ಎಂಬುದೇ ಆ ಮಟ್ಟಿನ ನಡಿಗೆ.

(ಇಲ್ಲಿ ಕೀಬೋರ್ಡಿನಲ್ಲಿ ಮೂಲ ಮಟ್ಟನ್ನೂ, ಆಮೇಲೆ ಮೊದಲ ರೂಪವನ್ನೂ ನುಡಿಸಿ ತೋರಿಸಲಾಯಿತು.)

ಈಗ ಕೇಳಿದ್ದು ಅವನ ಮೊದಲ ವೇಷ. ಮೂಲದಲ್ಲಿ "ಸ ಸ" ಎಂದು ಎರಡು ಸ್ವರ ಇದ್ದ ಮನೆಯಲ್ಲಿ ಈಗ ಎಂಟು ಸ್ವರ ಇವೆ: ರಿ ಸ ನಿ ಸ ನಿ ಸ ನಿ ಸ. "ಪ ಪ" ಇದ್ದ ಮನೆಯಲ್ಲಿ: ದ ಪ ಮ ಪ ಮ ಪ ಮ ಪ. ಏನು ಮಾಡಿದ್ದಾನೆ ನೋಡಿ. ಸ ಎಂಬುದನ್ನು ಬಿಟ್ಟಿಲ್ಲ, ಅದರ ಮೇಲಿನ ಮನೆಯವರನ್ನೂ ಕೆಳಗಿನ ಮನೆಯವರನ್ನೂ ಕರೆದು ಸುತ್ತ ನಿಲ್ಲಿಸಿದ್ದಾನೆ. ಇನ್ನೂ ಸೂಕ್ಷ್ಮವಾಗಿ ಕೇಳಿದರೆ, ತಾಳದ ಪೆಟ್ಟು ಬೀಳುವುದು ನೆಂಟರ ಮೇಲೆ, ಅಂದರೆ ರಿ ಮೇಲೆ, ನಿ ಮೇಲೆ. ಯಜಮಾನ ಸ ಬರುವುದು ಪೆಟ್ಟಾದ ಮೇಲೆ. ಆದರೂ ನಮ್ಮ ಕಿವಿಗೆ ಸ ಎಂದೇ ಕೇಳುತ್ತದೆ, ಯಾಕೆಂದರೆ ಪ್ರತಿ ನೆಂಟನೂ ಬಂದು ಅದರ ಮೇಲೇ ಕೂರುತ್ತಾನೆ. ಎರಡನೇ ಮನೆಯ ಮ ಇದೆಯಲ್ಲ, ಅದು ಶಂಕರಾಭರಣದ ಶುದ್ಧ ಮಧ್ಯಮವಲ್ಲ, ಪ್ರತಿ ಮಧ್ಯಮ. ಪರ ಊರಿನವನು. ನಮ್ಮ ಪದ್ಧತಿಯಲ್ಲಿ ಹಾಗೆ ತಂದರೆ ರಾಗ ಕೆಟ್ಟಿತು ಎನ್ನುತ್ತಾರೆ. ಅವರಲ್ಲಿ ಪಕ್ಕದ ಸ್ವರಕ್ಕೆ ಒರಗಿಕೊಂಡು ಕ್ಷಣಮಾತ್ರ ಇದ್ದು ಹೋದರೆ ದೋಷವಿಲ್ಲ.

ಎರಡನೇ ವೇಷದಲ್ಲಿ ಓಟ ಎಡಗೈಗೆ ಹೋಗುತ್ತದೆ, ಮಟ್ಟು ಬಲಗೈಯಲ್ಲಿ ನಿಧಾನವಾಗಿ ನಿಲ್ಲುತ್ತದೆ. ಮೂರನೆಯದರಲ್ಲಿ ಒಂದು ಎಣಿಕೆಗೆ ಮೂರು ಸ್ವರ, ನಮ್ಮ ತಿಶ್ರ ನಡೆ. ನಾಲ್ಕನೆಯದರಲ್ಲಿ ಅದೇ ತಿಶ್ರ ಎಡಗೈಗೆ. ಎಂದರೆ ಒಂದು ಉಪಾಯ ಕಂಡುಹಿಡಿದು ಅದನ್ನು ಎರಡು ಕೈಗೂ ಹಂಚುತ್ತಾನೆ. ಶಿಷ್ಯರ ಎರಡು ಕೈಗೂ ಸಾಧನೆ ಆಗುವುದಂತೂ ಖಂಡಿತ. ಐದನೆಯದರಲ್ಲಿ ಓಟ ನಿಲ್ಲುತ್ತದೆ. ಸ್ವರ ಕಡಿಮೆ, ನಡುವೆ ಬಿಡುವು, ಒಂದು ಕೈ ಬಿಟ್ಟಲ್ಲಿ ಇನ್ನೊಂದು ಕೈ ಮಾತಾಡುತ್ತದೆ. ಕೇಳುವವನು ಬಿಟ್ಟ ಜಾಗವನ್ನು ತನ್ನ ನೆನಪಿನಿಂದ ತುಂಬಿಕೊಳ್ಳುತ್ತಾನೆ. ನನಗೆ ಹನ್ನೆರಡರಲ್ಲಿ ಇದೇ ಹೆಚ್ಚು ಇಷ್ಟ. ತುಂಬುವುದನ್ನು ಯಾರಾದರೂ ಕಲಿಯಬಹುದು, ಎಷ್ಟು ತೆಗೆದರೂ ಮಟ್ಟು ನಿಲ್ಲುತ್ತದೆ ಎಂಬ ಅಂದಾಜು ಸಿಗುವುದು ಕಷ್ಟ.

ಆರು, ಏಳನ್ನು ಬಿಟ್ಟು ಎಂಟಕ್ಕೆ ಹೋಗುತ್ತೇನೆ. ಇಷ್ಟು ಹೊತ್ತು ಎಲ್ಲವೂ ನಗುಮುಖ. ಇಲ್ಲಿ ಗಾಂಧಾರ ಮತ್ತು ಧೈವತ ಒಂದೊಂದು ಮನೆ ಕೆಳಗಿಳಿಯುತ್ತವೆ. ನಮ್ಮ ಕಿವಿಗೆ ಕೀರವಾಣಿಯ ನೆರಳು ಬಿದ್ದ ಹಾಗೆ. ಒಂದು ದನಿ ಶುರು ಮಾಡಿದ್ದನ್ನು ಇನ್ನೊಂದು ದನಿ ಹಿಂದಿನಿಂದ ಬಂದು ಹೇಳುತ್ತದೆ. ಅದೇ ಮಕ್ಕಳ ಪದ್ಯದ ಮಟ್ಟು, ಆದರೆ ಯಾರೋ ಊರು ಬಿಟ್ಟು ಹೋಗುವ ಹಾಗೆ ಕೇಳುತ್ತದೆ. ಎಂಟನೆಯದಾಗಿ ಇದನ್ನು ಇಟ್ಟದ್ದು ಸುಮ್ಮನೆ ಅಲ್ಲ. ಏಳು ಸಲ ಅದೇ ಶ್ರುತಿ, ಅದೇ ಇಪ್ಪತ್ನಾಲ್ಕು ಮನೆ, ಅದೇ ಕಡೆ ತವಕ, ಅದೇ ಕಡೆ ಸಮಾಧಾನ. ಈ ರೂಪದ ದೊಡ್ಡ ರೋಗವೇ ಅದು: ಮೂಳೆ ಬದಲಾಗುವುದಿಲ್ಲವಾದ್ದರಿಂದ ಬೇಗ ಬೇಸರ ಬರುತ್ತದೆ. ಆ ಬೇಸರ ಬರುವ ಹೊತ್ತು ನೋಡಿಯೇ ಬಣ್ಣ ಬದಲಿಸುತ್ತಾನೆ. ಒಂಬತ್ತರಲ್ಲಿ ಮತ್ತೆ ಮೊದಲಿನ ಬೆಳಕು. ಹತ್ತರಲ್ಲಿ ಎಡಗೈ ಬಲಗೈಯನ್ನು ದಾಟಿ ಹೋಗುವ ಆಟ, ಕೇಳುವುದಕ್ಕಿಂತ ನೋಡಲು ಚೆಂದ. ಹನ್ನೊಂದು ಬಹಳ ವಿಳಂಬ, ಹಾಡುವವರು ಎದೆ ತುಂಬಿ ಹಾಡಿದ ಹಾಗೆ. ಹನ್ನೆರಡನೆಯದು ದ್ರುತ, ಮತ್ತು ಇಲ್ಲಿ ಮೊದಲ ಬಾರಿಗೆ ಎರಡೆಣಿಕೆಯ ಮನೆ ಮೂರೆಣಿಕೆಯದ್ದಾಗುತ್ತದೆ. ಕೊನೆಗೆ ಇಪ್ಪತ್ನಾಲ್ಕು ಮನೆ ಮುಗಿದ ಮೇಲೂ ಒಂದಿಷ್ಟು ಬಾಲ ಸೇರಿಸುತ್ತಾನೆ. ಆ ಬಾಲ ಬೇಕೇ ಬೇಕು, ಇಲ್ಲವಾದರೆ ಮುಗಿಯಿತೆಂದು ತಿಳಿಯುವುದು ಹೇಗೆ? ಹನ್ನೊಂದು ಸಲ ಮುಗಿದೂ ಮುಗಿಯದೆ ಮತ್ತೆ ಶುರುವಾಗಿದೆಯಲ್ಲ!

ಈಗ ಹಿರಿಯರ ಪ್ರಶ್ನೆಗೆ ಬರೋಣ. ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಪರೀಕ್ಷೆ ಇದೆ, ಅದಕ್ಕೆ ಸಂಗೀತ ಬರಬೇಕಿಲ್ಲ. ಹೊಸ ರೂಪವನ್ನು ನುಡಿಸುತ್ತಿರುವಾಗ ಅದರ ಮೇಲೆ ಮೂಲ ಮಟ್ಟನ್ನು ಬಾಯಲ್ಲಿ ಗುನುಗಿ.

(ಇಲ್ಲಿ ಒಂಬತ್ತನೇ ತರಗತಿಯ ನಾಲ್ವರು ಮೂಲ ಮಟ್ಟನ್ನು ಹಾಡಿದರು. ಭಾಷಣಕಾರರು ಅದೇ ಹೊತ್ತಿಗೆ ಮೊದಲ, ಮೂರನೇ ಮತ್ತು ಎಂಟನೇ ರೂಪಗಳ ಮೊದಲ ಸಾಲುಗಳನ್ನು ನುಡಿಸಿದರು.)

ಕೇಳಿದಿರಲ್ಲ. ಮೊದಲನೆಯದೂ ಮೂರನೆಯದೂ ಹಾಡಿನ ಜೊತೆ ಸಲೀಸಾಗಿ ಕೂತವು. ಎಂಟಕ್ಕೆ ಬಂದಾಗ ಮಕ್ಕಳು "ಗ ಗ" ಹತ್ತಿರ ಎಡವಿದರು. ಅವರ ತಪ್ಪಲ್ಲ, ಗಾಂಧಾರ ಕೆಳಗಿಳಿದಿದೆ. ಆದರೆ ಒಂದು ಗಮನಿಸಿ: ಎಡವಿದರೂ ಸಾಲು ಮುಗಿಯುವ ಹೊತ್ತಿಗೆ ನಾನೂ ಅವರೂ ಒಟ್ಟಿಗೇ ಸ ಮೇಲೆ ಕೂತೆವು. ಸ್ವರ ಬದಲಾಗಿದೆ, ನಡಿಗೆ ಬದಲಾಗಿಲ್ಲ. ಗುನುಗುವಾಗ ನೀವು ಮುಗಿಸಿದ ಕಡೆ ವಾದ್ಯ ಇನ್ನೂ ಓಡುತ್ತಿದ್ದರೆ, ಅಥವಾ ನೀವು ಕೂತ ಕಡೆ ವಾದ್ಯ ನಿಂತೇ ಇದ್ದರೆ, ಆಗ ಮಟ್ಟು ಕೈ ತಪ್ಪಿದೆ ಎಂದು ತಿಳಿಯಿರಿ. ನಮ್ಮ ಕಸುಬಿನಲ್ಲಿ ಒಳಗಿನ ಕೋಡನ್ನು ಪೂರ್ತಿ ಬದಲಾಯಿಸಿ, ಹೊರಗಿನಿಂದ ಬಳಸುವವನಿಗೆ ಗೊತ್ತಾಗದ ಹಾಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇವೆ. ಹಾಗೆಯೇ ಇದೂ. (ಸಾಫ್ಟ್‌ವೇರ್ ಬಗ್ಗೆ ಇದೊಂದೇ ವಾಕ್ಯ, ಸಮಿತಿಯವರು ಕ್ಷಮಿಸಬೇಕು.)

ಯಂತ್ರದ ಹಾಗೆ ಬದಲಾಯಿಸಿದರೆ ಏನಾಗುತ್ತದೆ ಎಂದೂ ನೋಡೋಣ. ಮಟ್ಟನ್ನು ಹಿಂದುಮುಂದು ಮಾಡಿ, ಕೊನೆಯಿಂದ ಮೊದಲಿಗೆ ನುಡಿಸಿದರೆ: ಸಾ ರಿ ರಿ ಗ ಗ ಮ ಮ ಪಾ ದ ದ ಪ ಪ ಸ ಸ. ಅದೇ ಹದಿನಾಲ್ಕು ಸ್ವರ, ಒಂದೂ ಹೆಚ್ಚು ಕಡಿಮೆ ಇಲ್ಲ. ಆದರೆ ಯಾರಿಗೂ ಗುರುತು ಹತ್ತುವುದಿಲ್ಲ. ಸಾಲಿನ ಕೊನೆಗೆ ನಿಲ್ಲುತ್ತಿದ್ದ ದೀರ್ಘ ಸ್ವರಗಳು ಈಗ ಮೊದಲಿಗೇ ಬಂದಿವೆ. ಇನ್ನೊಂದು ಉಪಾಯ ತಲೆಕೆಳಗು ಮಾಡುವುದು, ಎಂದರೆ ಮೂಲ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಕೆಳಗೆ ಇಳಿಯುವುದು. ಮೇಲಿನ ಸದಿಂದ ಶುರು ಮಾಡಿದರೆ: ಸ ಸ ಮ ಮ ಗ ಗ ಮಾ, ಪ ಪ ದ ದ ನಿ ನಿ ಸಾ. ಇದು ಅಷ್ಟು ಅಪರಿಚಿತ ಅನ್ನಿಸುವುದಿಲ್ಲ ನೋಡಿ! ಜೋಡಿಗಳು ತಮ್ಮ ಜಾಗದಲ್ಲೇ ಇವೆ, ಸಾಲಿನ ಕೊನೆಗೆ ಸ ಕೂಡ ಸಿಗುತ್ತದೆ, ಬೆಟ್ಟ ಇಳಿಯುವ ಬದಲು ಹತ್ತಿ ಸಿಗುತ್ತದೆ ಅಷ್ಟೇ. ಜರ್ಮನಿಯ ಬಾಖ್ 1741ರಲ್ಲಿ ಅಚ್ಚಾದ ತನ್ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ಕೃತಿಯಲ್ಲಿ ಇಂಥ ತಲೆಕೆಳಗು ಕೆಲಸ ಮಾಡಿದ್ದಾನೆ. ಅವನದ್ದು ಮೂವತ್ತು ವೇಷ, ಮತ್ತು ಅವನು ಇಟ್ಟುಕೊಂಡದ್ದು ಮೇಲಿನ ಮಟ್ಟನ್ನಲ್ಲ, ಕೆಳಗಿನ ಎಡಗೈ ನಡಿಗೆಯನ್ನು. ಮೇಲಿನದೆಲ್ಲ ಬದಲಾಗಿ ಹೋದರೂ ಕೆಳಗಿನ ದಾರಿ ಅದೇ. ಹಾಗಾಗಿ ಅದನ್ನು ಗುರುತಿಸಲು ಅಭ್ಯಾಸ ಬೇಕು. ಮೊದಲ ಸಲ ಕೇಳುವವರು ಮೋಟ್ಸಾರ್ಟನಿಂದ ಶುರು ಮಾಡುವುದು ಒಳ್ಳೆಯದು.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ನಾವು ಹಿಡಿದುಕೊಳ್ಳುವುದೂ ಬಿಡುವುದೂ ಬೇರೆ. ನಮ್ಮ ತಾಯಂದಿರು ಸೋಬಾನೆ ಹೇಳುವಾಗ, ಹಿಂದೆ ಬೀಸುವಾಗ, ಮಟ್ಟು ಒಂದೇ. ಪದ ಬದಲಾಗುತ್ತಾ ಹೋಗುತ್ತದೆ, ರಾತ್ರಿ ಇಡೀ. ಅಲ್ಲಿ ಮಟ್ಟು ನೆಲ, ಮಾತು ನಡೆಯುತ್ತದೆ. ಭಜನೆಯಲ್ಲಿ ಮಾತೂ ಮಟ್ಟೂ ಎರಡೂ ಅವೇ, ಕಾಲ ಮಾತ್ರ ಏರುತ್ತದೆ. ಶುರುವಿಗೆ ಅಜ್ಜನೂ ಹಾಡಬಹುದು, ಕೊನೆಗೆ ತಾಳ ಹಿಡಿದವನ ಕೈ ಕಾಣುವುದಿಲ್ಲ.

ಕರ್ನಾಟಕ ಸಂಗೀತದ ಸಂಗತಿ ಇನ್ನೂ ಹತ್ತಿರದ್ದು. ಅಲ್ಲಿ ಮಾತು ನೆಲ, ಮಟ್ಟು ನಡೆಯುತ್ತದೆ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ "ಬ್ರೋಚೇವಾರೆವರುರಾ" ಕೃತಿಯನ್ನು ನೀವು ಕೇಳಿರುತ್ತೀರಿ. 1980ರ ಶಂಕರಾಭರಣಂ ಸಿನಿಮಾದಲ್ಲೂ ಇತ್ತು. ಅದರ ಪಲ್ಲವಿಯನ್ನು ಒಳ್ಳೆಯ ಗಾಯಕರು ಹಾಡುವಾಗ ಗಮನಿಸಿ. ಮೊದಲ ಸಲ ಸಾದಾ. ಎರಡನೇ ಸಲ ಸಾಲಿನ ಕೊನೆಯಲ್ಲಿ ಒಂದು ಸಣ್ಣ ತಿರುವು. ಆಮೇಲೆ ಆ ತಿರುವು ಸ್ವಲ್ಪ ಮುಂಚೆಯೇ ಶುರುವಾಗುತ್ತದೆ, ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಸಂಗತಿ ಬೆಳೆಯುವುದು ಹೀಗೆ ಬಾಲದಿಂದ ತಲೆಯ ಕಡೆಗೆ, ಕೆಳಗಿನಿಂದ ಮೇಲಕ್ಕೆ. ಪ್ರತಿ ಸಲವೂ ಹೊರಟ ಜಾಗಕ್ಕೇ ತಾಳ ತಪ್ಪದೆ ಬರಬೇಕು. ಮೋಟ್ಸಾರ್ಟನ ಮೂರನೇ ವೇಷವನ್ನೂ ಏಳನೆಯದನ್ನೂ ಅದಲು ಬದಲು ಮಾಡಿದರೆ ಅಷ್ಟೇನೂ ಕೆಡುವುದಿಲ್ಲ. ಸಂಗತಿಯಲ್ಲಿ ಅದು ಸಾಧ್ಯವಿಲ್ಲ. ಅದು ಮೆಟ್ಟಿಲು, ಐದನೇ ಮೆಟ್ಟಿಲ ಮೇಲೆ ನಿಂತಾಗ ನಾಲ್ಕನೆಯದು ಕಾಲಡಿಯಲ್ಲಿ ಇರಲೇಬೇಕು. ಇನ್ನೊಂದು ವ್ಯತ್ಯಾಸ: ಖಮಾಚಿನಲ್ಲಿ ಶುರುವಾದದ್ದು ಎಂಟನೇ ಸಂಗತಿಗೆ ಕೀರವಾಣಿ ಆಗುವಂತಿಲ್ಲ. ರಾಗ ಎಂಬ ಗೋಡೆ ನಮ್ಮಲ್ಲಿದೆ, ಅವರಲ್ಲಿಲ್ಲ. ಅವರಿಗೆ ಇಪ್ಪತ್ನಾಲ್ಕು ಮನೆ ಎಂಬ ಗೋಡೆ ಇದೆ, ನಮ್ಮಲ್ಲಿ ನೆರವಲ್‌ಗೆ ಕೂತ ಗಾಯಕ ಒಂದೇ ಸಾಲನ್ನು ಎಷ್ಟು ಆವರ್ತ ಬೇಕಾದರೂ ಬೆಳೆಸಬಹುದು.

ಈ ಎರಡೂ ದಾರಿ ತಿಳಿದ ಒಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು. 1940ರ ದಶಕದ ಕೊನೆಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ರಚನಕಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅವರು. ಅವರೇ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನೂ ರಚಿಸಿದರು. ಪಿಯಾನೋ ಕಲಿತರೆ ನಮ್ಮ ಸಂಗೀತ ಮರೆಯುತ್ತದೆ ಎನ್ನುವವರಿಗೆ ನಾನು ಇವರ ಹೆಸರು ಹೇಳುತ್ತಿರುತ್ತೇನೆ.

ಇನ್ನು ನಾಳೆಯ ವಿಷಯ. ನಮ್ಮ ಪ್ರಾರ್ಥನೆಯ ಮಟ್ಟನ್ನು ನಾನು ಮಕ್ಕಳ ಜೊತೆ ಕೂತು ಎಣಿಸಿದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಆವರ್ತ, ಎರಡನೇ ಸಾಲಿನ ಕೊನೆಗೆ ಪ ಮೇಲೆ ನಿಲ್ಲುತ್ತದೆ, ನಾಲ್ಕನೆಯದರ ಕೊನೆಗೆ ಸ ಮೇಲೆ ಕೂರುತ್ತದೆ. ಈ ಎರಡು ಜಾಗಕ್ಕೆ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಗುರುತು ಮಾಡಿಕೊಂಡೆವು. ಏನೇ ಮಾಡಿದರೂ ಈ ಎರಡು ಕಡೆ ಎಲ್ಲರೂ ಸೇರಲೇಬೇಕು. ಹಿರಿಯರು ಕೇಳಿದ ತಾಲೀಮಿನಲ್ಲಿ ಆದದ್ದು ಬೇರೆ: ಹಾರ್ಮೋನಿಯಂನವನು ಸ್ವರ ತುಂಬಿದ, ತಬಲಾದವನು ಅದೇ ಹೊತ್ತಿಗೆ ನಡೆ ಬದಲಿಸಿದ, ಹಾಡುವವರು ಅದೇ ಹೊತ್ತಿಗೆ ಎತ್ತರ ಬದಲಿಸಿದರು. ಮೂರು ಬದಲಾವಣೆ ಒಂದೇ ಸಲ ಬಂದರೆ ಕೇಳುವವನಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಅವರಿಗೆ "ಕೆಟ್ಟಿತು" ಎನ್ನಿಸಿದ್ದು ನ್ಯಾಯವೇ.

ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಗೊತ್ತು ಮಾಡಿದ್ದೇವೆ. ಮೊದಲು ಎಲ್ಲರೂ ಸೇರಿ ಪ್ರಾರ್ಥನೆಯನ್ನು ದಿನಾ ಬೆಳಿಗ್ಗೆ ಹಾಡುವ ಹಾಗೇ ಹಾಡುತ್ತಾರೆ, ಒಂದು ಬಿಂದುವೂ ಕುಸುರಿ ಇಲ್ಲದೆ. ಇದನ್ನು ಅವಸರದಲ್ಲಿ ಮುಗಿಸಬಾರದು. ಮೂಲ ಕಿವಿಯಲ್ಲಿ ಗಟ್ಟಿಯಾಗಿ ಕೂರದಿದ್ದರೆ ಮುಂದಿನದ್ದು ಬದಲಾವಣೆ ಎಂದೇ ಯಾರಿಗೂ ತಿಳಿಯದು. ಎರಡನೇ ಸಲ ಹಾಡುವವರು ಬಾಯಿ ಮುಚ್ಚಿಕೊಂಡು ಅದನ್ನೇ ಗುನುಗುತ್ತಾರೆ, ಹಾರ್ಮೋನಿಯಂ ಒಂದು ಸ್ವರದ ಜಾಗದಲ್ಲಿ ನಾಲ್ಕು ತುಂಬುತ್ತದೆ. ಪಕ್ಕದ ಸ್ವರಗಳಷ್ಟೇ, ದೂರದ ನೆಂಟರು ಬೇಡ. ಮೂರನೇ ಸಲ ತಬಲಾ ಪೂರ್ತಿ ನಿಲ್ಲುತ್ತದೆ, ಒಬ್ಬಳೇ ಹುಡುಗಿ ಅರ್ಧ ವೇಗದಲ್ಲಿ ಹಾಡುತ್ತಾಳೆ. ನಾಲ್ಕನೇ ಸಲ ತಬಲಾ ದಾದ್ರಾಕ್ಕೆ ತಿರುಗುತ್ತದೆ. ನಾಲ್ಕರ ನಡೆ ಮೂರರದ್ದಾಗುತ್ತದೆ, ಸ್ವರಗಳು ಮೂಲದವೇ. ಇಲ್ಲಿ ಮಾತು ಸ್ವಲ್ಪ ಎಳೆಯಬೇಕಾಗುತ್ತದೆ, ದೀರ್ಘಾಕ್ಷರದ ಮೇಲೆ ಎಳೆಯಿರಿ, ಹ್ರಸ್ವದ ಮೇಲೆ ಎಳೆದರೆ ಕನ್ನಡ ಕೆಡುತ್ತದೆ, ಮಟ್ಟು ಕೆಡುವುದಕ್ಕಿಂತ ಅದು ಕೆಟ್ಟದ್ದು.

ಗಾಂಧಾರ ಇಳಿಸುವ ಆಟವನ್ನೂ ಮಾಡೋಣ ಎಂದು ಒಬ್ಬ ಹುಡುಗ ಬಹಳ ಹಟ ಹಿಡಿದಿದ್ದಾನೆ. ನಾನು ಬೇಡ ಎಂದಿಲ್ಲ. ಆದರೆ ಐವತ್ತು ಮಕ್ಕಳ ಗಂಟಲು ವರ್ಷವಿಡೀ ಮೇಲಿನ ಗಾಂಧಾರಕ್ಕೆ ಒಗ್ಗಿದೆ, ಒಂದು ವಾರದಲ್ಲಿ ಎಲ್ಲರನ್ನೂ ಒಂದೇ ಸಮ ಕೆಳಗಿಳಿಸಲಾಗದು. ಅರ್ಧ ಜನ ಇಳಿದು ಅರ್ಧ ಜನ ಅಲ್ಲೇ ಉಳಿದರೆ ಕೇಳುವುದು ಅಪಸ್ವರವೇ. ಹಾಗಾಗಿ ಅದನ್ನು ಅವನೊಬ್ಬನೇ ಹಾರ್ಮೋನಿಯಂನಲ್ಲಿ, ಯಾರೂ ಹಾಡದೆ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಎರಡೇ ಸಾಲು ನುಡಿಸುತ್ತಾನೆ. ಎರಡನೇ ಸಾಲಿನ ಪ ಮೇಲೆ ನಿಲ್ಲಿಸಿ ತಬಲಾದವನ ಕಡೆ ನೋಡಬೇಕು. ಪ ಮೇಲೆ ನಿಂತಿರುವ ತವಕದಲ್ಲೇ ದಾದ್ರಾ ಶುರುವಾಗುತ್ತದೆ.

ಕೊನೆಗೆ ಬಾಲ. ನಾಲ್ಕನೇ ಸಾಲಿನ ಕೊನೆಯ ಆವರ್ತವನ್ನು ಮೂರು ಸಲ, ಪ್ರತಿ ಸಲ ಸ್ವಲ್ಪ ನಿಧಾನವಾಗಿ. ಮೂರನೇ ಸಲ ಹಾರ್ಮೋನಿಯಂನ ಗಾಳಿ ತಾನಾಗಿ ಮುಗಿಯುವವರೆಗೆ ಸ ಮೇಲಿನ ಬೆರಳು ತೆಗೆಯಬೇಡ ಎಂದು ಹುಡುಗನಿಗೆ ಹೇಳಿದ್ದೇನೆ. ನಮ್ಮ ಶಾಲೆಯ ಹಾರ್ಮೋನಿಯಂ ಹಳೆಯದು, ತಿದಿ ಸೋರುತ್ತದೆ, ನಾಲ್ಕು ಎಣಿಕೆಗಿಂತ ಹೆಚ್ಚು ನಿಲ್ಲುವುದಿಲ್ಲ. ನಾಳೆ ಆ ನಾಲ್ಕು ಎಣಿಕೆ ಮುಗಿಯುವ ತನಕ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ.